ಒಂದು ಕೆಪ್ಯಾಸಿಟರ್, ಮೂರು ಮರುಪ್ರಶ್ನೆಗಳು: ಅನಲಾಗ್ ಲ್ಯಾಬಿನ ವೈವಾ ಕುರಿತು ನನ್ನ ಅನುಭವ

ಅನಲಾಗ್ ಎಲೆಕ್ಟ್ರಾನಿಕ್ಸ್ ಲ್ಯಾಬಿನ ವೈವಾಕ್ಕೆಂದು ಮೊದಲ ವರ್ಷ ನಾನು ಸಿದ್ಧಪಡಿಸಿದ್ದು ಸುಮಾರು 120 ಪ್ರಶ್ನೆಗಳ ಪಟ್ಟಿ. ಬೆಳಗಿನ ಬ್ಯಾಚ್ ಹೊರಬಿದ್ದ ಅರ್ಧ ಗಂಟೆಯಲ್ಲಿ ಕೇಳಿದ್ದೆಲ್ಲವೂ ವಾಟ್ಸಾಪ್ ಗುಂಪಿನಲ್ಲಿತ್ತು; ಮಧ್ಯಾಹ್ನದವರು ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಒಪ್ಪಿಸತೊಡಗಿದರು. ಮರುವರ್ಷ ಪಟ್ಟಿಯನ್ನು 200ಕ್ಕೆ ಏರಿಸಿದೆ, ಉರುಹೊಡೆಯುವುದೂ ಅಷ್ಟೇ ಏರಿತು. ಪಟ್ಟಿಯನ್ನು ಬಿಟ್ಟು, ಒಂದೇ ಪ್ರಶ್ನೆಯನ್ನು ಹಿಡಿದು ಅದರ ಬೆನ್ನಿಗೆ ಮರುಪ್ರಶ್ನೆಗಳನ್ನು ಹೆಣೆಯುತ್ತೇನೆ ಎಂದಾಗ, “ತಲೆಗೆ ಐದು ನಿಮಿಷ ಸಿಗುವುದೇ ಕಷ್ಟ, ಇದು ಆಗುಹೋಗುವ ಮಾತಲ್ಲ ಮೇಡಂ” ಎಂದು ವಿಭಾಗದ ಹಿರಿಯರೊಬ್ಬರು ಕೈಯಾಡಿಸಿಬಿಟ್ಟರು. ಈಗ ಅವರ ಬ್ಯಾಚಿಗೂ ಹಾಗೆ ಮರುಪ್ರಶ್ನೆಗಳನ್ನು ಹೆಣೆದು ಬರೆದ ನನ್ನ ಕಾರ್ಡುಗಳೇ ಹೋಗುತ್ತವೆ.

ಆರ್‌ಸಿ ಕಪಲ್ಡ್ ಆಂಪ್ಲಿಫೈಯರ್ ಪ್ರಯೋಗದ ಕಾರ್ಡನ್ನೇ ನೋಡೋಣ. ನಮ್ಮ ವಿನ್ಯಾಸದಲ್ಲಿ 12 ವೋಲ್ಟ್ ಸಪ್ಲೈ, ಕಲೆಕ್ಟರ್‌ನಲ್ಲಿ 2.2 ಕಿಲೋ ಓಮ್, ಎಮಿಟರ್‌ನಲ್ಲಿ 560 ಓಮ್, ಕರೆಂಟ್ ಸುಮಾರು 2 ಮಿಲಿಆಂಪಿಯರ್. “ಬೈಪಾಸ್ ಕೆಪ್ಯಾಸಿಟರ್ ತೆಗೆದರೆ ಏನಾಗುತ್ತದೆ?” ಎಂಬುದು ಎಲ್ಲರೂ ಕೇಳುವ ಪ್ರಶ್ನೆ, “ಗೇನ್ ಕಡಿಮೆಯಾಗುತ್ತದೆ” ಎಂಬುದು ಎಲ್ಲರೂ ಹೇಳುವ ಉತ್ತರ. ನಾನು ಅಲ್ಲಿಂದ ಆರಂಭಿಸುತ್ತೇನೆ. ಮೊದಲ ಮರುಪ್ರಶ್ನೆ: “ಎಷ್ಟಕ್ಕೆ ಇಳಿಯುತ್ತದೆ? ಕೆಪ್ಯಾಸಿಟರ್ ಮುಟ್ಟುವ ಮೊದಲು ಒಂದು ಸಂಖ್ಯೆ ಬರೆಯಿರಿ.” ನೂರೈವತ್ತರ ಆಸುಪಾಸಿನ ಗೇನ್ ನಾಲ್ಕರ ಹತ್ತಿರಕ್ಕೆ ಬರುತ್ತದೆ ಎನ್ನಲು ಎರಡು ರೆಸಿಸ್ಟರ್‌ಗಳ ಅನುಪಾತ ಸಾಕು, ಆದರೆ ಅರ್ಥವಾಗದವರು “ಅರ್ಧ” ಎನ್ನುತ್ತಾರೆ. ಎರಡನೆಯದು ನನ್ನ ಪ್ರಕಾರ ಇಡೀ ಕಾರ್ಡಿನ ಜೀವ: “ಎಮಿಟರ್‌ನ ಡಿಸಿ ವೋಲ್ಟೇಜ್ ಈಗ ಎಷ್ಟಾಗುತ್ತದೆ?” ಅದು ಮೊದಲಿನಂತೆಯೇ ಸುಮಾರು 1.1 ವೋಲ್ಟ್ ಇರುತ್ತದೆ, ಏಕೆಂದರೆ ಡಿಸಿ ಆ ಕೆಪ್ಯಾಸಿಟರ್‌ನ ಮೂಲಕ ಹರಿಯುವುದೇ ಇಲ್ಲ. ಉರುಹೊಡೆದವರಲ್ಲಿ ಮುಕ್ಕಾಲು ಪಾಲು ಜನ ಇಲ್ಲಿ ಎಡವುತ್ತಾರೆ. ಮಲ್ಟಿಮೀಟರ್ ಇಟ್ಟು ಅವರೇ ನೋಡಿದ ಮೇಲೆ ಕಾರಣವನ್ನು ಕೇಳುತ್ತೇನೆ. ತಪ್ಪಿದವರಿಗೂ ಅಂಕ ಮರಳಿ ಗಳಿಸುವ ದಾರಿ ಅದು. ಎರಡನ್ನೂ ದಾಟಿದವರಿಗೆ ಮಾತ್ರ ಮೂರನೆಯದು: “ಬ್ಯಾಂಡ್‌ವಿಡ್ತ್ ಹೆಚ್ಚಿತು ಎಂದಿರಿ, ಯಾವ ಬದಿಯಲ್ಲಿ ಹೆಚ್ಚಿತು?”

ಮರುಪ್ರಶ್ನೆಗಳನ್ನು ಬರೆಯುವಾಗ ನಾನು ಕಳೆದುಕೊಂಡ ಒಂದು ಸೆಮಿಸ್ಟರ್ ಬಗ್ಗೆ ಹೇಳಲೇಬೇಕು. ಮೊದಲ ಕಾರ್ಡುಗಳಲ್ಲಿ “ಡಿಸಿ ಬದಲಾಗುವುದಿಲ್ಲ, ಅಲ್ಲವೇ?” ಎಂಬ ಧಾಟಿಯ ಪ್ರಶ್ನೆಗಳಿದ್ದವು. ಎಲ್ಲರೂ “ಹೌದು ಮೇಡಂ” ಎಂದರು, ಎಲ್ಲರಿಗೂ ಅಂಕ ಬಂತು, ಯಾರಿಗೆ ಏನು ಗೊತ್ತಿತ್ತೆಂಬುದು ಮಾತ್ರ ತಿಳಿಯಲಿಲ್ಲ. ಆ ಕಾರ್ಡುಗಳ ಲ್ಯಾಮಿನೇಷನ್‌ಗೆ ಕೈಯಿಂದ ಹಾಕಿದ್ದ ಆರುನೂರು ರೂಪಾಯಿಯಷ್ಟು ಹಣವೂ ಹೋಯಿತು. ಈಗ ಕಾರ್ಡನ್ನು ಮೊದಲು ಪೆನ್ಸಿಲ್‌ನಲ್ಲಿ ಬರೆದು ಎರಡು ಬ್ಯಾಚ್‌ಗಳಲ್ಲಿ ಆಡಿಸಿದ ನಂತರವೇ ಮುದ್ರಿಸುತ್ತೇನೆ. “ಅಲ್ಲವೇ” ಎಂದೋ “ಹೌದೇ” ಎಂದೋ ಮುಗಿಯುವ ಪ್ರಶ್ನೆ ಕಂಡರೆ ಹೊಡೆದುಹಾಕುತ್ತೇನೆ.

ಇನ್ನೊಮ್ಮೆ ಹೊರಗಿನ ಪರೀಕ್ಷಕರ ಎದುರೇ ವಿದ್ಯಾರ್ಥಿಯೊಬ್ಬ ಕೆಪ್ಯಾಸಿಟರ್ ಕಿತ್ತರೂ ಆಸಿಲೋಸ್ಕೋಪಿನ ಅಲೆ ಕದಲಲಿಲ್ಲ. ಬ್ರೆಡ್‌ಬೋರ್ಡಿನ ತೂತು ಸಡಿಲವಾಗಿ ಆ ಕೆಪ್ಯಾಸಿಟರ್ ಮೊದಲಿನಿಂದಲೂ ಸರ್ಕ್ಯೂಟಿಗೆ ಕೂಡಿಯೇ ಇರಲಿಲ್ಲ. ಅಂದಿನಿಂದ, ಕೀಳುವ ಮೊದಲು ಗೇನ್ ಎಷ್ಟಿದೆಯೆಂದು ವಿದ್ಯಾರ್ಥಿಯೇ ಅಳೆದು ಹೇಳಬೇಕೆಂಬುದು ಕಾರ್ಡಿನ ಮೊದಲ ಸಾಲಾಯಿತು. ಅದೇ ದೋಷವನ್ನು ಈಗ ನಾನು ಬೇಕೆಂದೇ ಒಡ್ಡುವುದೂ ಉಂಟು; ಹೇಗೆ ಒಡ್ಡುತ್ತೇನೆ ಎಂಬುದನ್ನು ಇಲ್ಲಿ ಬರೆದರೆ ಮುಂದಿನ ಸೆಮಿಸ್ಟರಿಗೆ ಅದು ಉಳಿಯದು.

ಅಂಕಗಳ ಹಂಚಿಕೆಯನ್ನೂ ಬದಲಿಸಿದೆ. ವೈವಾಕ್ಕಿರುವ 20 ಅಂಕಗಳಲ್ಲಿ ಮೊದಲ ಉತ್ತರಕ್ಕೆ ನಾಲ್ಕೇ. ಉಳಿದದ್ದೆಲ್ಲ ಊಹೆಗೆ, ಅಳತೆಗೆ ಮತ್ತು ಕಾರಣಕ್ಕೆ. ಮೊದಲ ಉತ್ತರ ಸೋರಿದರೆ ಸೋರಲಿ, ಊಹಿಸಬೇಕಾದ ಸಂಖ್ಯೆ ಸೋರುವಂತಿಲ್ಲ, ಏಕೆಂದರೆ ಪ್ರತಿ ಮೇಜಿನ ಎಮಿಟರ್ ರೆಸಿಸ್ಟರ್ ಬೇರೆಯದು. 470, 560, 680 ಓಮ್‌ಗಳ ಒಂದೊಂದು ಕಟ್ಟು ತರಲು ನೂರು ರೂಪಾಯಿಯೂ ಆಗಲಿಲ್ಲ. ಸಮಯದ ಮಾತಿಗೆ ಬಂದರೆ, ಒಬ್ಬರಿಗೆ ಆರು ನಿಮಿಷದಂತೆ ಇಪ್ಪತ್ತು ಜನರ ಬ್ಯಾಚು ಎರಡು ಗಂಟೆಯಲ್ಲಿ ಮುಗಿಯುತ್ತದೆ. ಮೊದಲ ಮರುಪ್ರಶ್ನೆಯಲ್ಲೇ ನಿಲ್ಲುವವರು ಮೂರು ನಿಮಿಷವನ್ನೂ ತೆಗೆದುಕೊಳ್ಳುವುದಿಲ್ಲ.

ನಡುವೆ ಒಂದು ಬ್ಯಾಚಿಗೆ ಮರುಪ್ರಶ್ನೆಗಳನ್ನು ಮಾತ್ರ ಕನ್ನಡದಲ್ಲಿ ಕೇಳಿ ನೋಡಿದೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷಿನಲ್ಲಿ ಕೇಳಿದಾಗ ಮೇಜು ನೋಡುತ್ತಾ ನಿಲ್ಲುತ್ತಿದ್ದ ಹುಡುಗಿಯೊಬ್ಬಳು, “ಮೇಡಂ, ಡಿಸಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಎಸಿಗೆ ಮಾತ್ರ ಅದು ಅಡ್ಡದಾರಿ” ಎಂದಳು. ಆ ಕಾರ್ಡಿನ ಹಿಂಬದಿಯಲ್ಲಿ ಮಾದರಿ ಉತ್ತರವೆಂದು ಈಗ ಇರುವುದು ಅವಳ ಈ ಮಾತೇ.