ಮಾತ್ರೆ ಮರೆಯುವ ನಾನು ಪ್ಯಾಚ್ ಮತ್ತು ರಿಂಗ್ ಬಳಸಿ ನೋಡಿದೆ

ನ್ಯೂಜೆರ್ಸಿಯಲ್ಲಿ ಲ್ಯಾಬ್ ಕೆಲಸ, ಒಂದು ವಾರ ಹಗಲು, ಒಂದು ವಾರ ರಾತ್ರಿ. ಗರ್ಭನಿರೋಧಕ ಮಾತ್ರೆಗೆ ಅಲಾರಂ ಇಟ್ಟಿದ್ದೆ. ಅದು ಹೊಡೆದುಕೊಳ್ಳುವಾಗ ನಾನು ಲ್ಯಾಬ್‌ನಲ್ಲಿ, ಮಾತ್ರೆ ಮನೆಯಲ್ಲಿ. ಒಂದು ಸಲ ಹೊಸ ಶೀಟಿನ ಮೊದಲ ವಾರದಲ್ಲೇ ಎರಡು ದಿನ ತಪ್ಪಿತು. ಮಾತ್ರೆಯಿಲ್ಲದ ಏಳು ದಿನ ಆಗಲೇ ಕಳೆದಿರುವುದರಿಂದ, ಅದರ ಹಿಂದೆಯೇ ತಪ್ಪಿದರೆ ಅಂಡಾಶಯ ಮತ್ತೆ ಎಚ್ಚರಗೊಳ್ಳಬಹುದು. ಏಳು ದಿನ ಕಾಂಡೋಮ್ ಬಳಸಿದೆವು, ತುರ್ತು ಮಾತ್ರೆಯೂ ಬೇಕಾಯಿತು.

ಡಾಕ್ಟರ್ ಬಿಪಿ ನೋಡಿದರು. ಸಿಗರೇಟು, ಕಣ್ಣಿಗೆ ಮಿಂಚು ಬರುವ ಮೈಗ್ರೇನ್, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದೆಯಾ ಎಂದು ಕೇಳಿದರು. ನನ್ನ ಮಾತ್ರೆಯಂತೆ ಪ್ಯಾಚ್, ರಿಂಗ್ ಎರಡರಲ್ಲೂ ಈಸ್ಟ್ರೋಜನ್ ಇರುತ್ತದೆ. ಹಾಗಾಗಿ ಅಂಥ ಮಾತ್ರೆ ಆಗದವರಿಗೆ ಇವೂ ಆಗುವುದಿಲ್ಲ.

ಮೊದಲು ಚರ್ಮಕ್ಕೆ ಅಂಟಿಸುವ ಪ್ಯಾಚ್. ವಾರಕ್ಕೊಂದು, ಮೂರು ವಾರ, ಆಮೇಲೆ ಒಂದು ವಾರ ಬಿಡುವು. ಭಾನುವಾರ ಬದಲಿಸುವುದು ಮರೆಯಲೇ ಇಲ್ಲ. ತೊಂದರೆ ಕೊಟ್ಟಿದ್ದು ನನ್ನ ಎಣ್ಣೆಸ್ನಾನ! ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಮಿಂದಿದ್ದೆ. ಸಂಜೆ ನೋಡಿದರೆ ಪ್ಯಾಚ್ ಬಟ್ಟೆಗೆ ಅಂಟಿಕೊಂಡಿತ್ತು. ಬಿದ್ದು ಒಂದು ದಿನ ಆಗಿರಲಿಲ್ಲ, ಆದ್ದರಿಂದ ಬೇರೆ ಪ್ಯಾಚ್ ಅಂಟಿಸಿದೆ, ಬದಲಿಸುವ ಭಾನುವಾರ ಹಾಗೇ ಉಳಿಯಿತು. ಎಣ್ಣೆ, ಲೋಷನ್ ಸೋಕದ ಒಣ ಚರ್ಮ ಬೇಕು. ನಾನು ತೋಳಿನ ಹೊರಭಾಗಕ್ಕೆ ಬದಲಾಯಿಸಿದೆ. ಅಲ್ಲಿ ಚೆನ್ನಾಗಿ ನಿಂತಿತು, ಆದರೆ ಅಂಚಿಗೆ ಕಪ್ಪು ಕೊಳೆ ಹತ್ತುತ್ತಿತ್ತು, ಸ್ತನಗಳ ನೋವು ಮಾತ್ರೆಗಿಂತ ಜಾಸ್ತಿ ಇತ್ತು. ತೂಕ 90 ಕೆಜಿ ದಾಟಿದರೆ ಪ್ಯಾಚ್‌ನ ಪರಿಣಾಮ ಕಡಿಮೆಯಾಗಬಹುದು ಎಂದೂ ಡಾಕ್ಟರ್ ಹೇಳಿದ್ದರು.

ಈಗ ರಿಂಗ್. ಚಿಕ್ಕ ಮಗುವಿನ ಬಳೆಯಷ್ಟು ಅಗಲ, ಮೆತ್ತಗಿರುತ್ತದೆ. ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ ಯೋನಿಯೊಳಗೆ ತಳ್ಳುವುದು. ಸರಿಯಾದ ಜಾಗ ಯಾವುದು ಎಂದು ಹೆದರಿದ್ದೆ. ಗರ್ಭಕೋಶದ ಬಾಯಿಗೇ ಕೂರಿಸಬೇಕಿಲ್ಲ, ಚುಚ್ಚಿದ ಹಾಗೆ ಅನಿಸಿದರೆ ಇನ್ನೂ ಸ್ವಲ್ಪ ಒಳಗೆ ತಳ್ಳಬೇಕು, ಅಷ್ಟೇ. ಒಮ್ಮೆ ಮಲಬದ್ಧತೆಯಲ್ಲಿ ತಿಣುಕಿದಾಗ ಜಾರಿ ಬಂತು. ತಣ್ಣೀರಲ್ಲಿ ತೊಳೆದು ತಕ್ಷಣ ಹಾಕಿಕೊಂಡೆ. ಪೆಟ್ಟಿಗೆಯ ಚೀಟಿ 3 ಗಂಟೆಯ ಗಡುವು ಕೊಡುತ್ತದೆ, ನಾನು ಅದನ್ನೇ ಪಾಲಿಸುತ್ತೇನೆ. ಅದಕ್ಕೇ ಶೌಚಕ್ಕೆ ಹೋದ ಮೇಲೆ ಬೆರಳಲ್ಲಿ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಒಂದು ವಿಷಯ ನನಗೆ ನಿಧಾನವಾಗಿ ಅರ್ಥವಾಯಿತು. ರಿಂಗ್ ತೆಗೆಯುವುದು ತಡವಾದರೆ ಗಾಬರಿ ಬೇಡ. ಮೂರು ವಾರ ಇರಬೇಕಾದ್ದು ನಾಲ್ಕು ವಾರದವರೆಗೆ ಒಳಗಿದ್ದರೂ ರಕ್ಷಣೆ ಇರುತ್ತದೆ. ಬಿಡುವಿನ ಏಳು ದಿನ ಎಂಟು, ಒಂಬತ್ತಾಗುವುದೇ ಅಪಾಯ. ಮಾತ್ರೆಯಲ್ಲಿ ನಾನು ಸಿಕ್ಕಿಬಿದ್ದಿದ್ದೂ ಅಲ್ಲೇ, ಅಲ್ವಾ? ಹಾಗಾಗಿ ತೆಗೆಯುವ ದಿನಕ್ಕೆ ಒಂದೇ ಅಲಾರಂ. ಮತ್ತೆ ಹಾಕುವ ಭಾನುವಾರಕ್ಕೆ ಮೂರು, ಅದರಲ್ಲೊಂದು ಗಂಡನ ಫೋನಿನಲ್ಲಿ. ಹೊಸ ರಿಂಗ್ ಹಿಂದಿನ ವಾರವೇ ಔಷಧಿ ಅಂಗಡಿಯಿಂದ ಬಂದಿರುತ್ತದೆ.