ಇಂಟರ್‌ವ್ಯೂನಲ್ಲಿ ಉಗ್ಗಿನ ಬಗ್ಗೆ ಮೊದಲೇ ಹೇಳಿ

ಉಗ್ಗು ಇರುವ ಅನೇಕರಿಗೆ ತಮ್ಮ ಹೆಸರು ಹೇಳುವುದೇ ಜಾಸ್ತಿ ಕಷ್ಟ. ಬೇರೆ ಪದ ಬದಲಿಸಬಹುದು, ಹೆಸರು ಆಗಲ್ಲ ಅಲ್ವಾ? ಮುಚ್ಚಿಡಲು ಹೋದಷ್ಟೂ ಬಿಗಿತ ಹೆಚ್ಚುತ್ತದೆ. ಹಾಗಾಗಿ ಕುಳಿತ ಕೂಡಲೇ ಹೇಳಿಬಿಡಿ: "ನನಗೆ ಉಗ್ಗು ಇದೆ. ಕೆಲವು ಪದಗಳಿಗೆ ಸ್ವಲ್ಪ ಸಮಯ ಬೇಕು. ನಾನೇ ಮುಗಿಸುವವರೆಗೆ ದಯವಿಟ್ಟು ಕಾಯಿರಿ." ಕ್ಷಮೆ ಕೇಳಬೇಡಿ. ಫೋನ್ ಇಂಟರ್‌ವ್ಯೂ ಆದರೆ ಹಿಂದಿನ ದಿನವೇ ಮೇಲ್ ಮಾಡಿ. ಇಲ್ಲದಿದ್ದರೆ ನಿಮ್ಮ ಮಾತು ತಡೆದು ನಿಂತಾಗ ಲೈನ್ ಕಟ್ ಆಯ್ತು ಅಂದುಕೊಳ್ಳುತ್ತಾರೆ.

ಒಬ್ಬರೇ ಇದ್ದಾಗ ಉಗ್ಗು ಸಾಮಾನ್ಯವಾಗಿ ಕಡಿಮೆ, ಆದ್ದರಿಂದ ಕನ್ನಡಿ ಮುಂದಿನ ಅಭ್ಯಾಸ ಸಾಲದು. ಗೆಳೆಯರನ್ನು ಎದುರು ಕೂರಿಸಿಕೊಳ್ಳಿ. ಉತ್ತರ ಬಾಯಿಪಾಠ ಬೇಡ, ಮುಖ್ಯ ಅಂಶಗಳು ಸಾಕು. 'ಪ್ರಕಾಶ್' ಎನ್ನುವಾಗ ತುಟಿ ಬಿಗಿದರೆ ಜೋರಾಗಿ ತಳ್ಳಬೇಡಿ. ನಿಲ್ಲಿಸಿ, ತುಟಿ ಸಡಿಲಿಸಿ, ಹಗುರವಾಗಿ ತಾಕಿಸಿ ಮತ್ತೆ ಶುರು ಮಾಡಿ.