ಹೊಣೆಗಾರಿಕೆಯ ಮಿತಿಯನ್ನು ನಾನು ಹಿಂದಿನಿಂದ ಓದುವುದೇಕೆ

ಸಾಫ್ಟ್‌ವೇರ್ ಸೇವಾ ಒಪ್ಪಂದಗಳನ್ನು ಸೇವಾದಾರ ಕಂಪನಿಗಳ ಪರವಾಗಿ ಪರಿಶೀಲಿಸುವುದು ನನ್ನ ವೃತ್ತಿ. ಒಪ್ಪಂದ ಕೈಗೆ ಬಂದಾಗ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಹೊಣೆಗಾರಿಕೆಯ ಮಿತಿ, ಅಂದರೆ ಸೇವಾದಾರರು ಕೊಡಬೇಕಾಗಿ ಬರುವ ಪರಿಹಾರದ ಗರಿಷ್ಠ ಮೊತ್ತ, ಎಷ್ಟು ಎಂಬ ಅಂಕಿಯ ಕಡೆಗೆ: ಹಿಂದಿನ ಹನ್ನೆರಡು ತಿಂಗಳ ಶುಲ್ಕವೇ, ಅದರ ಒಂದೂವರೆ ಪಟ್ಟೇ, ಎರಡು ಪಟ್ಟೇ ಎಂದು ಚೌಕಾಸಿ ನಡೆಯುತ್ತದೆ. ನಾನು ಆ ಅಂಕಿಯನ್ನು ಕೊನೆಗೆ ಓದುತ್ತೇನೆ. ಮೊದಲು ಓದುವುದು ಅದರ ಕೆಳಗಿನ ಉಪಕಲಮನ್ನು, ಅಂದರೆ 'ಈ ಮಿತಿ ಕೆಳಗಿನವುಗಳಿಗೆ ಅನ್ವಯಿಸುವುದಿಲ್ಲ' ಎಂದು ಆರಂಭವಾಗುವ ಪಟ್ಟಿಯನ್ನು. ಅಲ್ಲಿರುವ ಒಂದೊಂದು ಪದವೂ ಒಪ್ಪಂದದ ಬೇರೆ ಯಾವ ಕಲಮಿಗೆ, ಯಾವ ವ್ಯಾಖ್ಯೆಗೆ ಕೊಂಡಿ ಹಾಕಿಕೊಂಡಿದೆ ಎಂದು ನೋಡಿದ ಮೇಲೆಯೇ ಮೇಲಿನ ಅಂಕಿಗೆ ಏನಾದರೂ ಅರ್ಥವಿದೆಯೇ ಎಂಬುದು ತಿಳಿಯುತ್ತದೆ.

ಈ ಕ್ರಮ ನನ್ನಲ್ಲಿ ಗಟ್ಟಿಯಾದದ್ದು ಒಂದು ವಿವಾದದಲ್ಲಿ. ಒಪ್ಪಂದಕ್ಕೆ ಸಹಿ ಬಿದ್ದು ಬಹಳ ಕಾಲದ ನಂತರ, ಗ್ರಾಹಕರ ನೋಟಿಸು ಬಂದ ಮೇಲೆ ಆ ಕಡತ ನನ್ನ ಬಳಿಗೆ ಬಂತು. ಹಣದ ಲೆಕ್ಕ ಸುಲಭವಾಗಲೆಂದು ಆ ಸೇವೆಯ ವಾರ್ಷಿಕ ಶುಲ್ಕವನ್ನು 100 ಎಂದು ಇಟ್ಟುಕೊಳ್ಳುತ್ತೇನೆ. ಉಳಿದ ಮೊತ್ತಗಳನ್ನೂ ಅದೇ ಅಳತೆಯಲ್ಲಿ ಹೇಳುತ್ತೇನೆ. ಸೇವಾದಾರ ಕಂಪನಿಯು ಗ್ರಾಹಕ ಸಂಸ್ಥೆಯ ಸದಸ್ಯರ ದಾಖಲೆಗಳನ್ನು ತನ್ನ ಸರ್ವರ್‌ಗಳಲ್ಲಿ ನಿರ್ವಹಿಸುತ್ತಿತ್ತು. ಹೊಸ ಆವೃತ್ತಿಯೊಂದನ್ನು ಪರೀಕ್ಷಿಸಲು ಎಂಜಿನಿಯರ್‌ಗಳು ನಿಜವಾದ ದತ್ತಾಂಶದ ಪ್ರತಿಯನ್ನು ಪರೀಕ್ಷಾ ಸರ್ವರ್‌ಗೆ ಹಾಕಿದ್ದರು, ಆ ಸರ್ವರ್ ಪಾಸ್‌ವರ್ಡ್ ಇಲ್ಲದೆ ಅಂತರಜಾಲಕ್ಕೆ ತೆರೆದುಕೊಂಡಿತ್ತು. ಹೊರಗಿನವರೊಬ್ಬರು ಅದನ್ನು ಕಂಡು ತಿಳಿಸುವ ಹೊತ್ತಿಗೆ ದಾಖಲೆಗಳನ್ನು ಬೇರೆಯವರು ಇಳಿಸಿಕೊಂಡಿದ್ದರು.

ಗ್ರಾಹಕರು ಕೇಳಿದ ಮೊತ್ತ ಹೀಗಿತ್ತು: ತಾಂತ್ರಿಕ ತನಿಖೆಗೆ 40, ಸದಸ್ಯರಿಗೆ ಮಾಹಿತಿ ಕೊಡಲು ಮತ್ತು ಸಹಾಯವಾಣಿ ನಡೆಸಲು 70, ಸದಸ್ಯರ ಖಾತೆಗಳ ಮೇಲೆ ನಿಗಾ ಇಡುವ ಸೇವೆಗೆ 90, ಸ್ವಂತ ಸಿಬ್ಬಂದಿಯ ಹೆಚ್ಚುವರಿ ಕೆಲಸಕ್ಕೆ 25, ಸದಸ್ಯರು ಬಿಟ್ಟುಹೋದದ್ದರಿಂದ ಆದ ವ್ಯವಹಾರ ನಷ್ಟಕ್ಕೆ 150, ಒಟ್ಟು 375. ಸೇವಾದಾರ ಕಂಪನಿಯ ಹಣಕಾಸು ವಿಭಾಗ ನಿಶ್ಚಿಂತೆಯಿಂದಿತ್ತು, ಏಕೆಂದರೆ ಒಪ್ಪಂದದಲ್ಲಿ ಹೊಣೆಗಾರಿಕೆಯ ಮಿತಿ ಹಿಂದಿನ ಹನ್ನೆರಡು ತಿಂಗಳ ಶುಲ್ಕ, ಅಂದರೆ 100 ಎಂದು ಬರೆದಿತ್ತು. ಪರೋಕ್ಷ ನಷ್ಟ ಮತ್ತು ವ್ಯವಹಾರ ನಷ್ಟಕ್ಕೆ ಹೊಣೆಯಿಲ್ಲ ಎಂಬ ವಾಕ್ಯವೂ ಅಲ್ಲಿಯೇ ಇತ್ತು.

ನಾನು ಹಿಂದಿನಿಂದ ಓದಿದೆ. ಮಿತಿಗೆ ಹೊರತಾದ ಬಾಬ್ತುಗಳಲ್ಲಿ ವಂಚನೆ, ದೇಹಕ್ಕೆ ಆದ ಹಾನಿ ಎಂಬ ವಾಡಿಕೆಯ ಸಂಗತಿಗಳ ಜೊತೆ 'ಗೌಪ್ಯತೆಯ ಕಲಮಿನ ಉಲ್ಲಂಘನೆ' ಎಂಬುದೂ ಇತ್ತು. ಇದನ್ನು ಸೇರಿಸಿಕೊಳ್ಳಲು ಯಾರೂ ಹಿಂಜರಿಯುವುದಿಲ್ಲ, ಏಕೆಂದರೆ ಗೌಪ್ಯತೆ ಎಂದೊಡನೆ ಮನಸ್ಸಿಗೆ ಬರುವುದು ಬೆಲೆಪಟ್ಟಿಯನ್ನು ಎದುರಾಳಿ ಕಂಪನಿಗೆ ಕೊಡುವಂಥ ಅಪರೂಪದ ಕೃತ್ಯ. ಆದರೆ ವ್ಯಾಖ್ಯೆಗಳ ಪುಟದಲ್ಲಿ ಗೌಪ್ಯ ಮಾಹಿತಿ ಎಂದರೆ 'ಗ್ರಾಹಕರು ಸೇವೆಯೊಳಗೆ ಹಾಕುವ ಎಲ್ಲ ದತ್ತಾಂಶವೂ ಸೇರಿದಂತೆ' ಎಂದು ಬರೆದಿತ್ತು. ಗೌಪ್ಯತೆಯ ಕಲಮು ಅಂಥ ಮಾಹಿತಿ ಅನಧಿಕೃತರ ಕೈಸೇರದಂತೆ ಕಾಪಾಡುವ ಕರ್ತವ್ಯವನ್ನು ಹೊರಿಸಿತ್ತು. ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟರೆ, ದತ್ತಾಂಶ ಸೋರಿಕೆ ಆದಾಗಲೆಲ್ಲ ಗೌಪ್ಯತೆಯ ಉಲ್ಲಂಘನೆಯೂ ಆಗುತ್ತದೆ, ಹಾಗಾಗಿ ಮಿತಿ ಇಲ್ಲವಾಗುತ್ತದೆ. ದತ್ತಾಂಶ ಇಟ್ಟುಕೊಳ್ಳುವುದೇ ಉದ್ಯೋಗವಾದ ಕಂಪನಿಗೆ ತನ್ನ ಅತಿದೊಡ್ಡ ಅಪಾಯದ ಮಟ್ಟಿಗೆ ಮಿತಿಯೇ ಇರಲಿಲ್ಲ. 100 ಎಂಬ ಅಂಕಿ ರಕ್ಷಿಸುತ್ತಿದ್ದುದು ಸೇವೆ ನಿಧಾನವಾಗುವುದು, ವರದಿ ತಪ್ಪಾಗುವುದು ಮುಂತಾದ ಸಣ್ಣ ದೂರುಗಳಿಂದ ಮಾತ್ರ.

ಇನ್ನೂ ಒಂದು ಎಳೆ ಇತ್ತು, ಇದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಹೊರತಾದ ಬಾಬ್ತುಗಳ ಪಟ್ಟಿ 'ಮೇಲಿನ ಮೊತ್ತದ ಮಿತಿ ಅನ್ವಯಿಸುವುದಿಲ್ಲ' ಎಂದು ಆರಂಭವಾಗಿದ್ದರೆ, ಮೊತ್ತದ ಮಿತಿ ಹೋದರೂ ವ್ಯವಹಾರ ನಷ್ಟಕ್ಕೆ ಹೊಣೆಯಿಲ್ಲ ಎಂಬ ವಾಕ್ಯ ಉಳಿದುಕೊಳ್ಳುತ್ತಿತ್ತು. ಇಲ್ಲಿ ಅದು 'ಈ ಕಲಮಿನಲ್ಲಿರುವ ಯಾವುದೂ ಹೊಣೆಯನ್ನು ಸೀಮಿತಗೊಳಿಸುವುದಿಲ್ಲ' ಎಂದು ಆರಂಭವಾಗಿತ್ತು. ಎರಡು ರಕ್ಷಣೆಗಳೂ ಒಂದೇ ಕಲಮಿನಲ್ಲಿದ್ದುದರಿಂದ ಎರಡೂ ಒಟ್ಟಿಗೆ ಬಿದ್ದುಹೋದವು. ವ್ಯವಹಾರ ನಷ್ಟದ 150 ಕೂಡ ಮಾತುಕತೆಯ ಮೇಜಿಗೆ ಬಂತು. ಆ ನಷ್ಟ ಸೋರಿಕೆಯಿಂದಲೇ ಆಯಿತೆಂದು ಗ್ರಾಹಕರು ಸಾಬೀತುಪಡಿಸುವುದು ಕಷ್ಟವಿತ್ತು. ಅದೊಂದನ್ನೇ ಆಧಾರವಾಗಿಟ್ಟುಕೊಂಡು ಮಾತನಾಡಿ ಕೊನೆಗೆ 210ಕ್ಕೆ ರಾಜಿ ಮಾಡಿಸಿದೆವು. ಎರಡು ವರ್ಷಕ್ಕೂ ಹೆಚ್ಚಿನ ಆದಾಯ ಒಂದು ಉಪಕಲಮಿನಿಂದಾಗಿ ಹೋಯಿತು.

ಅಂದಿನಿಂದ ನಾನು ಗೌಪ್ಯತೆಯನ್ನೂ ದತ್ತಾಂಶ ರಕ್ಷಣೆಯನ್ನೂ ಬೇರೆಬೇರೆ ಕಲಮುಗಳಾಗಿ ಬರೆಯುತ್ತೇನೆ. ಗೌಪ್ಯ ಮಾಹಿತಿಯ ವ್ಯಾಖ್ಯೆಯಿಂದ ಗ್ರಾಹಕರ ದತ್ತಾಂಶವನ್ನು ಸ್ಪಷ್ಟವಾಗಿ ಹೊರಗಿಟ್ಟು, ಅದರ ಹೊಣೆಯೆಲ್ಲ ದತ್ತಾಂಶ ರಕ್ಷಣೆಯ ಕಲಮಿಗೆ ಮಾತ್ರ ಸೇರಿದ್ದೆಂದು ಹೇಳುತ್ತೇನೆ. ಇದನ್ನು ಗ್ರಾಹಕರು ಸುಮ್ಮನೆ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅವರ ಭಯ ನ್ಯಾಯವಾದದ್ದು; ಒಂದು ವರ್ಷದ ಶುಲ್ಕದಲ್ಲಿ ದೊಡ್ಡ ಸೋರಿಕೆಯ ಖರ್ಚು ತೀರುವುದಿಲ್ಲ. ಆದ್ದರಿಂದ ದತ್ತಾಂಶ ಸೋರಿಕೆಗೆಂದೇ ಎರಡನೆಯ, ದೊಡ್ಡ ಮಿತಿಯೊಂದನ್ನು ಕೊಡುತ್ತೇನೆ. ಅದನ್ನು ಶುಲ್ಕದ ಇಷ್ಟು ಪಟ್ಟು ಎಂದು ಅಂದಾಜಿಗೆ ಹೇಳುವ ಬದಲು ಲೆಕ್ಕ ಹಾಕುತ್ತೇವೆ: ಎಷ್ಟು ಜನರ ದಾಖಲೆಗಳಿವೆ, ಒಬ್ಬರಿಗೆ ಮಾಹಿತಿ ಕೊಡಲು ಮತ್ತು ನಿಗಾ ಸೇವೆ ಒದಗಿಸಲು ಎಷ್ಟಾಗುತ್ತದೆ, ಅದರ ಮೇಲೆ ತನಿಖೆಯ ಖರ್ಚೆಷ್ಟು. ಆ ಮೊತ್ತ ಕಂಪನಿಯ ಸೈಬರ್ ವಿಮೆಯ ಮೊತ್ತವನ್ನು ಮೀರಿದರೆ, ಸಹಿಗೆ ಮೊದಲೇ ವಿಮೆ ಹೆಚ್ಚಿಸಬೇಕು ಅಥವಾ ದಾಖಲೆಗಳನ್ನು ಕಡಿಮೆ ಮಾಡಬೇಕು. ಬರಹದಲ್ಲಿ ಅದು ಹೆಚ್ಚುಕಡಿಮೆ ಹೀಗಿರುತ್ತದೆ: 'ದತ್ತಾಂಶ ರಕ್ಷಣೆಯ ಕಲಮಿನ ಎಲ್ಲ ಉಲ್ಲಂಘನೆಗಳಿಗೂ ಸೇರಿ, ಒಪ್ಪಂದದ ಇಡೀ ಅವಧಿಗೆ, ಸೇವಾದಾರರ ಒಟ್ಟು ಹೊಣೆ ಇಂತಿಷ್ಟನ್ನು ಮೀರತಕ್ಕದ್ದಲ್ಲ, ತನಿಖೆ, ಸದಸ್ಯರಿಗೆ ಮಾಹಿತಿ ಮತ್ತು ನಿಗಾ ಸೇವೆಯ ಖರ್ಚುಗಳನ್ನು ನೇರ ನಷ್ಟವೆಂದು ಪರಿಗಣಿಸತಕ್ಕದ್ದು, ವ್ಯವಹಾರ ನಷ್ಟಕ್ಕೆ ಹೊಣೆ ಇರತಕ್ಕದ್ದಲ್ಲ.' ಯಾವ ಖರ್ಚು ಸಿಗುತ್ತದೆಂದು ಹೆಸರಿಸಿ ಬರೆದರೆ ಗ್ರಾಹಕರಿಗೂ ಲಾಭ, ಏಕೆಂದರೆ ನೇರ ಮತ್ತು ಪರೋಕ್ಷ ನಷ್ಟದ ಬಗೆಗಿನ ದೀರ್ಘ ವಾದ ತಪ್ಪುತ್ತದೆ.

ಮೇಲಿನ ವಾಕ್ಯದಲ್ಲಿ 'ಎಲ್ಲ ಉಲ್ಲಂಘನೆಗಳಿಗೂ ಸೇರಿ' ಎಂಬುದನ್ನು ನಾನು ಎಂದೂ ಬಿಡುವುದಿಲ್ಲ. ಬ್ರಿಟನ್ನಿನ ವಿದ್ಯುತ್ ಕಂಪನಿ ಡ್ರ್ಯಾಕ್ಸ್ ಮತ್ತು ಅದರ ಸಾಫ್ಟ್‌ವೇರ್ ಸೇವಾದಾರ ವಿಪ್ರೊ ನಡುವೆ ಇಂಗ್ಲೆಂಡಿನ ನ್ಯಾಯಾಲಯ 2023ರಲ್ಲಿ ತೀರ್ಮಾನಿಸಿದ ಪ್ರಕರಣದಲ್ಲಿ, ಹಿಂದಿನ ಹನ್ನೆರಡು ತಿಂಗಳ ಶುಲ್ಕದ ಶೇಕಡಾ 150 ಎಂಬ ಮಿತಿ ಇಡೀ ಒಪ್ಪಂದಕ್ಕೆ ಒಂದೇ ಬಾರಿಯೋ, ಪ್ರತಿಯೊಂದು ಕ್ಲೇಮಿಗೂ ಪ್ರತ್ಯೇಕವೋ ಎಂಬುದೇ ವಿವಾದವಾಗಿತ್ತು. ನ್ಯಾಯಾಲಯ ಒಂದೇ ಮಿತಿ ಎಂದಿತು, ಸೇವಾದಾರರು ಉಳಿದುಕೊಂಡರು. ಕಲಮಿನಲ್ಲಿ 'ಕ್ಲೇಮ್' ಎಂಬ ಪದವನ್ನು ಬಳಸಿದ ರೀತಿ ವಾದಕ್ಕೆ ಜಾಗ ಕೊಟ್ಟಿತ್ತು. ಅಂಥ ಜಾಗವನ್ನು ಬರೆಯುವಾಗಲೇ ಮುಚ್ಚುವುದು ಒಂದೆರಡು ಪದಗಳ ಕೆಲಸ.

ಒಪ್ಪಂದದ ಬರಹ ಅಚ್ಚುಕಟ್ಟಾಗಿದ್ದರೂ ಕಾನೂನೇ ಮಿತಿಯನ್ನು ಬದಿಗೆ ಸರಿಸುವ ಸಂದರ್ಭಗಳಿವೆ. ಇದು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ: ನ್ಯೂಯಾರ್ಕಿನ ಕಾನೂನಿನಲ್ಲಿ ಘೋರ ನಿರ್ಲಕ್ಷ್ಯ ಸಾಬೀತಾದರೆ ನಾಮಮಾತ್ರದ ಮಿತಿ ನಿಲ್ಲುವುದಿಲ್ಲ, ಜರ್ಮನಿಯಲ್ಲಿ ಉದ್ದೇಶಪೂರ್ವಕ ಕೃತ್ಯದ ಹೊಣೆಯನ್ನು ಮುಂಚಿತವಾಗಿ ಕಳಚಿಕೊಳ್ಳಲು ಬರುವುದಿಲ್ಲ. ಇಂಗ್ಲೆಂಡಿನಲ್ಲಿ, ಸೇವಾದಾರರು ತಮ್ಮದೇ ಅಚ್ಚು ಷರತ್ತುಗಳನ್ನು ಮುಂದಿಟ್ಟು ಒಪ್ಪಂದ ಮಾಡಿಕೊಂಡಿದ್ದರೆ, ಮಿತಿ ಸಮಂಜಸವಾಗಿರಬೇಕೆಂದು ಅನ್ಯಾಯದ ಒಪ್ಪಂದ ಷರತ್ತುಗಳ ಕುರಿತ 1977ರ ಕಾಯಿದೆ ಕೇಳುತ್ತದೆ. ಸೇಂಟ್ ಆಲ್ಬನ್ಸ್ ಸ್ಥಳೀಯ ಸಂಸ್ಥೆಗೆ ಐಸಿಎಲ್ ಕಂಪನಿ ಕೊಟ್ಟ ಸಾಫ್ಟ್‌ವೇರ್, ತೆರಿಗೆ ಕೊಡುವವರ ಸಂಖ್ಯೆಯನ್ನು 2,966ರಷ್ಟು ಹೆಚ್ಚಾಗಿ ತೋರಿಸಿತ್ತು. ಅದನ್ನು ನಂಬಿ ಸಂಸ್ಥೆ ತೆರಿಗೆಯ ದರವನ್ನು ಕಡಿಮೆ ನಿಗದಿ ಮಾಡಿತು. ಒಪ್ಪಂದದ ಮಿತಿ 1,00,000 ಪೌಂಡ್. ಐಸಿಎಲ್ ಬಳಿ ಇದ್ದ ವಿಮೆ 5 ಕೋಟಿ ಪೌಂಡ್. ಇಷ್ಟು ದೊಡ್ಡ ವಿಮೆಯಿದ್ದೂ ಇಷ್ಟು ಸಣ್ಣ ಮಿತಿ ಏಕೆಂಬುದಕ್ಕೆ ಸಮರ್ಥನೆ ಸಿಗದೆ ಮಿತಿ ಬಿತ್ತು. 1996ರಲ್ಲಿ ಮೇಲ್ಮನವಿಯಲ್ಲೂ ಆ ತೀರ್ಮಾನ ಉಳಿಯಿತು. ಇದಕ್ಕೆ ಎದುರಾಗಿ 2001ರ ವಾಟ್‌ಫೋರ್ಡ್ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ, ಸಾಫ್ಟ್‌ವೇರ್ ಕೊಂಡವರು, ಕೊಟ್ಟವರು ಇಬ್ಬರೂ ಅನುಭವಸ್ಥ ವ್ಯಾಪಾರಿಗಳಾಗಿ ಚೌಕಾಸಿ ಮಾಡಿ ಒಪ್ಪಿದ್ದರೆಂಬ ಕಾರಣಕ್ಕೆ ಪಾವತಿಸಿದ ಬೆಲೆಗೆ ಸೀಮಿತವಾದ ಹೊಣೆಯನ್ನು ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು.

ಇವೆರಡನ್ನೂ ಓದಿದ ಮೇಲೆ ನಾನು ಚೌಕಾಸಿಯ ದಾಖಲೆಯನ್ನು ಒಪ್ಪಂದದಷ್ಟೇ ಜೋಪಾನವಾಗಿ ಇಡುತ್ತೇನೆ. ಬೆಲೆಪಟ್ಟಿಯಲ್ಲಿ ಎರಡು ದರ ಕೊಡುತ್ತೇವೆ: ಸಾಮಾನ್ಯ ಮಿತಿಗೆ ಒಂದು, ದೊಡ್ಡ ಮಿತಿಗೆ ಸ್ವಲ್ಪ ಹೆಚ್ಚಿನದೊಂದು. ಗ್ರಾಹಕರು ಕಡಿಮೆ ದರವನ್ನು ಆರಿಸಿಕೊಂಡರೆ ಆ ಇಮೇಲನ್ನು ಕಡತಕ್ಕೆ ಸೇರಿಸುತ್ತೇನೆ. ಮಿತಿಯನ್ನು ಅವರು ತಿಳಿದೇ ಒಪ್ಪಿದರೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಯಾವ ಬರಹವೂ, ಯಾವ ದಾಖಲೆಯೂ ನೆರವಿಗೆ ಬಾರದ ಒಂದು ಜಾಗವೆಂದರೆ ಒಪ್ಪಂದಕ್ಕೆ ಮುಂಚಿನ ಸುಳ್ಳು. ಬ್ರಿಟನ್ನಿನ ಟಿವಿ ಸಂಸ್ಥೆ ಬಿಎಸ್‌ಕೈಬಿ 2000ದಲ್ಲಿ ಇಡಿಎಸ್ ಕಂಪನಿಗೆ ಗ್ರಾಹಕ ನಿರ್ವಹಣಾ ವ್ಯವಸ್ಥೆಯ ಕೆಲಸ ಕೊಟ್ಟಿತು. ಹೊಣೆಯ ಮಿತಿ 3 ಕೋಟಿ ಪೌಂಡ್. ಕೆಲಸ ಮುಗಿಸಲು ಬೇಕಾಗುವ ಕಾಲದ ಬಗ್ಗೆ, ಸರಿಯಾದ ಲೆಕ್ಕಾಚಾರವೇ ಇಲ್ಲವೆಂದು ತಿಳಿದೂ ಇಡಿಎಸ್ ಭರವಸೆ ಕೊಟ್ಟಿತ್ತೆಂದು 2010ರಲ್ಲಿ ತೀರ್ಪು ಬಂತು. ಅದು ವಂಚನೆಯಾದ್ದರಿಂದ ಮಿತಿ ಅನ್ವಯಿಸಲಿಲ್ಲ. ಕೊನೆಗೆ ವ್ಯಾಜ್ಯ 31.8 ಕೋಟಿ ಪೌಂಡಿಗೆ ಇತ್ಯರ್ಥವಾಯಿತು. ಆ ಮಾತು ಆಡಿದ್ದು ಬಿಡ್ ಗೆಲ್ಲುವ ಹಂತದಲ್ಲಿ, ಕಾನೂನು ವಿಭಾಗ ಸಾಮಾನ್ಯವಾಗಿ ಹಾಜರಿರದ ಸಭೆಗಳಲ್ಲಿ ಇಂಥ ಮಾತುಗಳು ನಡೆಯುತ್ತವೆ. ಆದ್ದರಿಂದ ಬಿಡ್ ಹೊರಡುವ ಮೊದಲು, ಅದರಲ್ಲಿರುವ ಪ್ರತಿಯೊಂದು ದಿನಾಂಕಕ್ಕೂ ಮತ್ತು ಸಿಬ್ಬಂದಿಯ ಸಂಖ್ಯೆಗೂ ಆಧಾರವೇನೆಂದು ಕೆಲಸ ಮಾಡುವ ತಂಡದ ಮುಖ್ಯಸ್ಥರಿಂದ ಒಂದು ಪುಟದ ಟಿಪ್ಪಣಿ ಬರೆಸಿಕೊಳ್ಳುತ್ತೇನೆ. ಅವರಿಗೆ ಬರೆಯಲು ಆಗದ ದಿನಾಂಕವನ್ನು ಬಿಡ್‌ನಿಂದ ತೆಗೆಯಿಸುತ್ತೇನೆ, ಮಾರಾಟ ವಿಭಾಗ ಎಷ್ಟೇ ಬೇಡವೆಂದರೂ.